ಕೆಫೆ ತೆರೆಯುವ ಮತ್ತು ಮುಚ್ಚುವ ಕ್ರಮ: ಹೊಸಬರಿಗೆ

ಗಿರಾಕಿಗಳಿಗೆ ಬಾಗಿಲು ತೆರೆಯುವುದು ಬೆಳಿಗ್ಗೆ 8ಕ್ಕೆ, ಮುಚ್ಚುವುದು ರಾತ್ರಿ 9ಕ್ಕೆ. ಬೆಳಗಿನ ಪಾಳಿಯವರು 7ಕ್ಕೆ ಒಳಗಿರಬೇಕು. ರಾತ್ರಿ ಇಬ್ಬರು 9.45ರವರೆಗೆ ಇರುತ್ತಾರೆ. ಮೊದಲ ಎರಡು ವಾರ ಈ ಹಾಳೆ ನೋಡಿಕೊಂಡೇ ಕೆಲಸ ಮಾಡಿ. ನೆನಪಿದೆ ಅನಿಸಿದರೂ ನೋಡಿ.

ಬೆಳಿಗ್ಗೆ

7.00: ಹಿಂಬಾಗಿಲಿನಿಂದ ಬನ್ನಿ. ಲೈಟ್ ಹಾಕುವ ಮೊದಲು ವಾಸನೆ ನೋಡಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ. ಬಾಗಿಲು ತೆರೆದಿಟ್ಟು ದೂರ ಹೋಗಿ, ಅಲ್ಲಿಂದ ಗ್ಯಾಸ್ ತುರ್ತು ಸೇವೆಗೂ ಮ್ಯಾನೇಜರ್‌ಗೂ ಫೋನ್ ಮಾಡಿ.

ಎಲ್ಲ ಸರಿಯಿದ್ದರೆ ಮೊದಲು ಎಸ್ಪ್ರೆಸೊ ಮಷಿನ್. ನೀರಿನ ವಾಲ್ವ್ ತೆರೆದು, ಆಮೇಲೆ ಆನ್ ಮಾಡಿ. ಬಿಸಿಯಾಗಲು ಅರ್ಧ ಗಂಟೆ ಬೇಕು, ಅದಕ್ಕೇ ಇದು ಮೊದಲು. ಕಾಫಿಪುಡಿ ತುಂಬುವ ಹಿಡಿಕೆಗಳನ್ನು, ಅಂದರೆ ಪೋರ್ಟಾಫಿಲ್ಟರ್‌ಗಳನ್ನು, ಮಷಿನ್‌ಗೇ ಸಿಕ್ಕಿಸಿಡಿ, ಅವೂ ಕಾಯಬೇಕು. ತಣ್ಣಗಿದ್ದರೆ ಕಾಫಿಯ ಬಿಸಿಯೆಲ್ಲ ಅವೇ ಹೀರಿಕೊಳ್ಳುತ್ತವೆ.

ಅಷ್ಟರಲ್ಲಿ ಏಪ್ರನ್ ಹಾಕಿಕೊಂಡು ಸೋಪಿನಲ್ಲಿ 20 ಸೆಕೆಂಡ್ ಕೈ ತೊಳೆಯಿರಿ. ಫ್ರಿಜ್ 5 ಡಿಗ್ರಿ ಅಥವಾ ಕಡಿಮೆ, ಫ್ರೀಜರ್ ಮೈನಸ್ 18 ಇರಬೇಕು. ಕಂಡ ಅಂಕಿಯನ್ನೇ ಪುಸ್ತಕದಲ್ಲಿ ಬರೆಯಿರಿ, ನಿನ್ನೆಯದನ್ನು ನೋಡಿ ಸುಮ್ನೆ ಇಳಿಸಬೇಡಿ. ಒಮ್ಮೆ ರಾತ್ರಿ ನಾನೇ ಮುಚ್ಚಿದ್ದೆ. ಹಾಲಿನ ಕ್ರೇಟ್ ಅಡ್ಡ ಬಂದು ಫ್ರಿಜ್ ಬಾಗಿಲು ಒಂದು ಬೆರಳಷ್ಟು ತೆರೆದೇ ಉಳಿದಿತ್ತು. ಬೆಳಿಗ್ಗೆ 13 ಡಿಗ್ರಿ. ಹಾಲು ವಾಸನೆ ಬಂದಿರಲಿಲ್ಲ, ಆದರೂ ಪೂರ್ತಿ ಚೆಲ್ಲಿದೆವು. ಅಂಕಿ ಜಾಸ್ತಿ ಇದ್ದರೆ ಏನನ್ನೂ ಬಳಸದೆ ಫೋನ್ ಮಾಡಿ.

ಹಳೇ ಹಾಲು ಮುಂದಕ್ಕೆ, ಹೊಸದು ಹಿಂದಕ್ಕೆ. ಒಡೆದ ಪ್ಯಾಕ್ ಮೇಲೆ ದಿನಾಂಕ ಇಲ್ಲದಿದ್ದರೆ ಅದು ಕಸ.

7.30: ಗ್ರೈಂಡರ್ ಹೊಂದಿಸಿ. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು. ಬೇಗ ಇಳಿದು ಹುಳಿ ಬಂದರೆ ಪುಡಿ ಇನ್ನೂ ನುಣ್ಣಗಿರಲಿ. ತಡವಾಗಿ ಇಳಿದು ಕಹಿಯಾದರೆ ಸ್ವಲ್ಪ ತರಿ ಮಾಡಿ. ಒಂದು ಸಲಕ್ಕೆ ಒಂದೇ ಗೆರೆ ತಿರುಗಿಸಿ. ತಿರುಗಿಸಿದ ಮೇಲಿನ ಮೊದಲ ಶಾಟ್ ಚೆಲ್ಲಿ, ಅದರಲ್ಲಿ ಹಳೇ ಪುಡಿ ಬೆರೆತಿರುತ್ತದೆ. ಕಾಫಿ ಹಾಳಾಯಿತು ಅಂತ ಬೇಜಾರು ಬೇಡ. ಕುಡಿದು ನೋಡದೆ ಮಾತ್ರ ಯಾರಿಗೂ ಕೊಡಬೇಡಿ.

ಆಮೇಲೆ ಕುರ್ಚಿ, ಟಾಯ್ಲೆಟ್, ಗಲ್ಲಾಪೆಟ್ಟಿಗೆಯ ಚಿಲ್ಲರೆ. 8ಕ್ಕೆ ಬೋರ್ಡ್ ತಿರುಗಿಸಿ.

ರಾತ್ರಿ

ಕೊನೆಯ ಆರ್ಡರ್ 8.45ಕ್ಕೆ. ಗಿರಾಕಿ ಕೂತಿರುವಾಗ ಪಕ್ಕದ ಕುರ್ಚಿ ಮೇಜಿನ ಮೇಲೇರಿಸಬೇಡಿ. ಎದ್ದು ಹೋಗಿ ಅಂದ ಹಾಗೇ ಅಲ್ವಾ? ಖಾಲಿ ಇರುವ ಕಡೆಯಿಂದ ಒರೆಸುತ್ತಾ ಬನ್ನಿ.

ಬಾಗಿಲು ಹಾಕಿದ ಮೇಲೆ ಮಷಿನ್ ತೊಳೆಯಬೇಕು. ಹೊಸಬರು ಜಾಸ್ತಿ ತಪ್ಪುವುದು ಇಲ್ಲೇ:

1. ಪೋರ್ಟಾಫಿಲ್ಟರ್‌ಗೆ ತೂತಿಲ್ಲದ ಬಾಸ್ಕೆಟ್ ಹಾಕಿ, ಮಷಿನ್ ಕ್ಲೀನರ್ ಪುಡಿ ಡಬ್ಬದ ಚಮಚದಲ್ಲಿ ಒಂದು ಅಳತೆ.
2. ಮಷಿನ್‌ಗೆ ಸಿಕ್ಕಿಸಿ, ಶಾಟ್ ಇಳಿಸುವ ಹಾಗೇ 10 ಸೆಕೆಂಡ್ ಆನ್, 10 ಸೆಕೆಂಡ್ ಆಫ್. ಹೀಗೆ ಐದು ಸಲ.
3. ಬಾಸ್ಕೆಟ್ ತೊಳೆದು, ಪುಡಿಯಿಲ್ಲದೆ ಮತ್ತೆ ಐದು ಸಲ. ಇದನ್ನು ಬಿಟ್ಟರೆ ಬೆಳಗಿನ ಮೊದಲ ಕಪ್ಪಿನಲ್ಲಿ ಕ್ಲೀನರ್ ಇರುತ್ತದೆ.

ಸ್ಟೀಮ್ ಕೊಳವೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದೆರಡು ಸೆಕೆಂಡ್ ಹಬೆ ಬಿಡಿ. ಇಲ್ಲದಿದ್ದರೆ ಹಾಲು ತೂತಿನಲ್ಲೇ ಒಣಗುತ್ತದೆ. ಈ ಬಟ್ಟೆ ಕೌಂಟರ್ ಒರೆಸಲು ಅಲ್ಲ.

ಕಸ ಹೊರಗೆ ಹಾಕಿ ಕೈ ತೊಳೆಯಿರಿ. ನೆಲ ಒಳಗಿನಿಂದ ಹಿಂಬಾಗಿಲ ಕಡೆಗೆ ಒರೆಸಿ. ನೆಲ ತೊಳೆಯುವ ಯಾವ ಎರಡು ದ್ರಾವಣವನ್ನೂ ಬೆರೆಸಬೇಡಿ. ಬ್ಲೀಚ್ ಜೊತೆ ಆಸಿಡ್ ಅಥವಾ ಅಮೋನಿಯಾ ಸೇರಿದರೆ ವಿಷಗಾಳಿ ಏಳುತ್ತದೆ.

ಹಣ ಇಬ್ಬರೂ ಎಣಿಸಿ, ಒಬ್ಬರಾದ ಮೇಲೆ ಒಬ್ಬರು. ಬಿಲ್ಲಿಂಗ್ ಮಷಿನ್‌ನ ದಿನದ ಲೆಕ್ಕಕ್ಕೆ ತಾಳೆ ನೋಡಿ. ಕಡಿಮೆ ಬಂದರೆ ಕಡಿಮೆ ಅಂತಲೇ ಬರೆದು ಇಬ್ಬರೂ ಸಹಿ ಹಾಕಿ. ಸ್ವಂತ ಜೇಬಿನಿಂದ ಸರಿದೂಗಿಸಬೇಡಿ. ಹಾಗೆ ಮಾಡಿದರೆ ತಪ್ಪು ಎಲ್ಲಾಯಿತು ಅಂತ ನಮಗೆ ಗೊತ್ತೇ ಆಗುವುದಿಲ್ಲ.

ಹೊರಡುವಾಗ ಬಾಯಲ್ಲಿ ಹೇಳುತ್ತಾ ಕೈಯಿಂದ ಮುಟ್ಟಿ ನೋಡಿ: ಗ್ಯಾಸ್ ವಾಲ್ವ್ ಬಂದ್, ಎಸ್ಪ್ರೆಸೊ ಮಷಿನ್ ಆಫ್, ನೀರಿನ ವಾಲ್ವ್ ಬಂದ್, ಫ್ರಿಜ್ ಬಾಗಿಲು ಬಿಗಿ. ಫ್ರಿಜ್‌ನ ಅಂಕಿ ಕಾಣುವಂತೆ ಫೋಟೋ ತೆಗೆದು ಗ್ರೂಪಿಗೆ ಹಾಕಿ. ಲೈಟ್ ಆರಿಸಿ, ಅಲಾರಂ ಹಾಕಿ, ಬೀಗ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡಿ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಅದೇ ಫೋಟೋ ಕೆಳಗೆ ಬರೆಯಿರಿ.