ಬಾಲ್ಕನಿ ಬಿತ್ತನೆಯ ಕ್ಯಾಲೆಂಡರ್, ಕಲಬುರಗಿ

ಬೀಜದ ಪ್ಯಾಕೆಟ್‌ಗಳ ಹಿಂಬದಿಯ ಫೋಟೊಗಳನ್ನು ನೋಡಿ, ನಮ್ಮೂರಿನ ಬಿಸಿಲಿಗೆ ಹೊಂದಿಸಿ ಇದನ್ನು ಬರೆದಿದೆ.

ಜೂನ್: ಒಂದೆರಡು ಹದಮಳೆಯಾದ ಮೇಲೆ ಬೆಂಡೆ ಬೀಜವನ್ನು ರಾತ್ರಿಯಿಡೀ ನೆನೆಸಿ, 2 ಸೆಂ.ಮೀ. ಆಳದಲ್ಲಿ, ಕುಂಡಕ್ಕೆ ಎರಡರಂತೆ ಊರಬೇಕು. ಪುಂಡಿಯನ್ನೂ ಆಗಲೇ ಬಿತ್ತಬಹುದು.

ಆಗಸ್ಟ್: ಟೊಮೆಟೊ, ಮೆಣಸಿನಕಾಯಿ ಬೀಜಗಳನ್ನು ಟ್ರೇಯಲ್ಲಿ ಹಾಕಿ, 25–30 ದಿನಗಳ ಸಸಿಯನ್ನು ಸಂಜೆ ಹೊತ್ತು ಕುಂಡಕ್ಕೆ ನೆಡಬೇಕು.

ನವೆಂಬರ್–ಜನವರಿ: ಕೊತ್ತಂಬರಿಗೆ ಪ್ಯಾಕೆಟ್‌ನಲ್ಲಿ ‘ವರ್ಷವಿಡೀ’ ಎಂದು ಅಚ್ಚಾಗಿದ್ದರೂ, ಬಿಸಿಲೇರಿದಂತೆ ಅದು ಸೊಪ್ಪು ಕೊಡುವ ಮೊದಲೇ ಹೂಬಿಡುವುದರಿಂದ, ಈ ಚಳಿಯ ತಿಂಗಳುಗಳೇ ಅದಕ್ಕೆ ಸರಿ, ಕಾಳನ್ನು ಅಂಗೈಯಿಂದ ಒತ್ತಿ ತಿಕ್ಕಿ, ಎರಡು ಹೋಳಾದ ಮೇಲೆ ಬಿತ್ತಬೇಕು. ಮೆಂತ್ಯವನ್ನು ಹದಿನೈದು ದಿನಕ್ಕೊಮ್ಮೆ ಬಿತ್ತಬೇಕು.

ಏಪ್ರಿಲ್–ಮೇ: ಬಿಸಿಲು 40 ಡಿಗ್ರಿ ದಾಟುವುದರಿಂದ ಏನನ್ನೂ ಬಿತ್ತಬಾರದು.