ಹೊಸ ಶೇರು ಕೊಳ್ಳುವ ಮುಂಚೆ: ಗೋಣಿಕೊಪ್ಪದ ನಮ್ಮ ಐವರ ನಿಯಮಗಳು

ಇದು ನಮ್ಮ ಐದು ಜನರಿಗೆ ಮಾತ್ರ. ಹಣ ಅವರವರದ್ದು, ಡಿಮ್ಯಾಟ್ ಖಾತೆ ಅವರವರದ್ದು. ಒಬ್ಬರ ಖಾತೆಗೆ ಇನ್ನೊಬ್ಬರು ಹಣ ಹಾಕುವುದು ಬೇಡ. ಆದರೆ ನಿಯಮ ಒಂದೇ ಇರಲಿ ಅಂತ ಭಾನುವಾರ ಕೂತಾಗ ಎಲ್ಲರೂ ಹೇಳಿದ್ದೀರಿ, ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಲಿಸ್ಟ್ ಆದ ದಿನದಿಂದ ಆರು ವಾರದವರೆಗಿನ ಶೇರುಗಳಿಗೆ ಇದು ಅನ್ವಯ. ಹಳೆಯ ಶೇರುಗಳಿಗೆ ಎಂಟನೇ ನಿಯಮ ಒಂದನ್ನು ಬಿಟ್ಟರೆ ಈ ಲೆಕ್ಕ ಬೇಕಿಲ್ಲ.

ಲೆಕ್ಕ ಸುಲಭವಾಗಲಿ ಅಂತ, ಪ್ರತಿಯೊಬ್ಬರೂ ಇದಕ್ಕೆ ತೆಗೆದಿಟ್ಟಿರುವುದು ₹3 ಲಕ್ಷ ಅಂತಲೇ ಬರೆದಿದ್ದೇನೆ. ಕಾಫಿ ಮಾರಿದ ದುಡ್ಡಿನಲ್ಲಿ ಗೊಬ್ಬರಕ್ಕೆ, ಕೂಲಿಗೆ, ಮಕ್ಕಳ ಫೀಸಿಗೆ ಇಟ್ಟದ್ದನ್ನು ಇದಕ್ಕೆ ಸೇರಿಸಬಾರದು.

ಮೊದಲು ಕಾರಣ

ಹೊಸ ಶೇರು ಯಾಕೆ ಹೀಗೆ ಕುಣಿಯುತ್ತದೆ ಅಂತ ಗೊತ್ತಿಲ್ಲದಿದ್ದರೆ ನಿಯಮ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಕಂಪನಿ ದೊಡ್ಡದಿರಬಹುದು, ಆದರೆ ಮೊದಲ ವಾರಗಳಲ್ಲಿ ಕೈಯಿಂದ ಕೈಗೆ ಹೋಗುವ ಶೇರು ಸ್ವಲ್ಪವೇ. ಪ್ರವರ್ತಕರ ಶೇರಿಗೆ ಬೀಗ. ಐಪಿಒಗೆ ಮುಂಚೆ ಹಣ ಹಾಕಿದ್ದ ಬೇರೆಯವರ ಶೇರಿಗೂ ಸಾಮಾನ್ಯವಾಗಿ ಆರು ತಿಂಗಳು ಬೀಗ. ಐಪಿಒ ತೆರೆಯುವ ಮುಂಚೆಯೇ ಶೇರು ಪಡೆಯುವ ದೊಡ್ಡ ಸಂಸ್ಥೆಗಳು, ಅಂದರೆ ಆಂಕರ್ ಹೂಡಿಕೆದಾರರು, ಅರ್ಧ ಭಾಗವನ್ನು 30 ದಿನ, ಉಳಿದ ಅರ್ಧವನ್ನು 90 ದಿನ ಮಾರುವಂತಿಲ್ಲ. ಉಳಿದ ಸ್ವಲ್ಪ ಶೇರಿನ ಮೇಲೆ ಎಲ್ಲರ ಕಣ್ಣು. ಹಾಗಾಗಿ ಸಣ್ಣ ಹಣವೂ ಬೆಲೆಯನ್ನು ಎತ್ತಿ ಒಗೆಯುತ್ತದೆ.

ನಮ್ಮಲ್ಲಿ ಕಾಳುಮೆಣಸು ಮಾರುವಾಗ ಇದನ್ನೇ ನೋಡಿದ್ದೇವೆ ಅಲ್ವಾ? ಒಬ್ಬನೇ ವ್ಯಾಪಾರಿ ಬಂದ ದಿನ ಅವನು ಹೇಳಿದ್ದೇ ರೇಟು. ನಾಲ್ಕು ಜನ ಬಂದು ಕೇಳಿ ಹೋದ ಮೇಲೆ ನಿಜವಾದ ರೇಟು ಗೊತ್ತಾಗುತ್ತದೆ. ಹೊಸ ಶೇರಿನ ಮೊದಲ ದಿನದ ಬೆಲೆಯನ್ನು ಒಬ್ಬ ವ್ಯಾಪಾರಿಯ ರೇಟಿನ ಹಾಗೆ ನೋಡಬೇಕು.

1. ಬ್ಯಾಂಡ್ ನೋಡದೆ ಆರ್ಡರ್ ಹಾಕಬಾರದು

ಬ್ಯಾಂಡ್ ಅಂದರೆ ಒಂದು ದಿನದಲ್ಲಿ ಬೆಲೆ ಎಷ್ಟು ಏರಬಹುದು, ಎಷ್ಟು ಇಳಿಯಬಹುದು ಅನ್ನುವ ಮಿತಿ. ಇಶ್ಯೂ ₹250 ಕೋಟಿಗಿಂತ ಜಾಸ್ತಿ ಇದ್ದರೆ ಶೇರು ಸಾಮಾನ್ಯ ವಿಭಾಗದಲ್ಲೇ ವಹಿವಾಟಾಗುತ್ತದೆ. ಮೊದಲ ದಿನದ ಬ್ಯಾಂಡ್ ಹೆಚ್ಚಾಗಿ 20%. ಕೆಲವಕ್ಕೆ ಕಮ್ಮಿ ಇರುತ್ತದೆ, ಆದ್ದರಿಂದ ಆ ದಿನ ಸ್ಕ್ರೀನಿನಲ್ಲಿ ಏನಿದೆಯೋ ಅದನ್ನೇ ಓದಿ. ₹250 ಕೋಟಿವರೆಗಿನ ಇಶ್ಯೂ ಆದರೆ ಮೊದಲ 10 ವಹಿವಾಟು ದಿನ ಟ್ರೇಡ್ ಟು ಟ್ರೇಡ್, ಬ್ಯಾಂಡ್ 5%. ಅಲ್ಲಿ ಕೊಂಡದ್ದನ್ನು ಅದೇ ದಿನ ಮಾರಲು ಆಗುವುದಿಲ್ಲ. ಡೆಲಿವರಿ ಖಾತೆಗೆ ಬರಬೇಕು, ಆಮೇಲೆಯೇ ಮಾರಾಟ.

ಬ್ಯಾಂಡ್ ಲೆಕ್ಕ ಆಗುವುದು ಬೆಳಗ್ಗೆ ನಿಗದಿಯಾದ ಬೆಲೆಯ ಮೇಲೆ. ಇಶ್ಯೂ ಬೆಲೆಯ ಮೇಲೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಪೇಟಿಎಂ ನೆನಪಿದೆಯಲ್ಲ? 2021ರ ನವೆಂಬರ್ 18. ಇಶ್ಯೂ ಬೆಲೆ ₹2,150. ಎನ್‌ಎಸ್‌ಇಯಲ್ಲಿ ಶುರುವಾಗಿದ್ದು ₹1,950ಕ್ಕೆ. ಅಲ್ಲಿಂದ 20% ಇಳಿದು ₹1,560ಕ್ಕೆ ನಿಂತಿತು. ಅಲಾಟ್‌ಮೆಂಟ್ ಸಿಕ್ಕವರಿಗೆ ಒಂದೇ ದಿನ 27% ನಷ್ಟ. 20% ಬ್ಯಾಂಡ್ ಇದೆ, ಅದಕ್ಕಿಂತ ಜಾಸ್ತಿ ಹೋಗಲ್ಲ ಅಂತ ಧೈರ್ಯದಲ್ಲಿ ಕೂತವರಿಗೂ ಹೀಗಾಯಿತು.

2. ಬೆಳಗ್ಗೆ 9ರಿಂದ 10ರವರೆಗೆ ನೋಡುವುದು ಮಾತ್ರ

ಲಿಸ್ಟಿಂಗ್ ದಿನ 9 ಗಂಟೆಗೆ ಪ್ರೀ ಓಪನ್ ಶುರು. ಆರ್ಡರ್ ಹಾಕುವ ಸಮಯ 9:35ರಿಂದ 9:45ರ ನಡುವೆ ಯಾವ ನಿಮಿಷದಲ್ಲಾದರೂ ಮುಚ್ಚುತ್ತದೆ. ಜಾಸ್ತಿ ಶೇರು ಯಾವ ಬೆಲೆಗೆ ಹೊಂದುತ್ತದೋ ಅದೇ ಓಪನಿಂಗ್ ಬೆಲೆ. ಮಾಮೂಲಿ ವಹಿವಾಟು 10ಕ್ಕೆ.

ಈ ಸಮಯದಲ್ಲಿ ಸ್ಕ್ರೀನಿನಲ್ಲಿ ಓಡುವ ಅಂದಾಜು ಬೆಲೆಯನ್ನು ನಂಬಬೇಡಿ. ದೊಡ್ಡ ಆರ್ಡರ್ ಹಾಕಿದವರು ಅದನ್ನು ವಾಪಸ್ ತೆಗೆಯಬಹುದು. 9:10ಕ್ಕೆ ₹310 ತೋರಿಸಿದ್ದು 9:35ಕ್ಕೆ ₹262 ಆದರೆ ಆಶ್ಚರ್ಯ ಇಲ್ಲ. ಈ ಒಂದು ಗಂಟೆಯಲ್ಲಿ ನಾವು ಕೊಳ್ಳುವ ಆರ್ಡರ್ ಹಾಕುವುದಿಲ್ಲ. ಯಾರೂ.

ಗ್ರೇ ಮಾರ್ಕೆಟ್ ಪ್ರೀಮಿಯಂ ಅಂತ ವಾಟ್ಸಾಪಿನಲ್ಲಿ ಬರುವ ಅಂಕಿಯನ್ನು ಯಾವ ಲೆಕ್ಕಕ್ಕೂ ಸೇರಿಸಬಾರದು. ಅದನ್ನು ಯಾರು ಹೇಳಿದರು, ಎಷ್ಟು ಶೇರಿಗೆ ಹೇಳಿದರು, ಒಂದೂ ಗೊತ್ತಿರುವುದಿಲ್ಲ.

3. ಅಲಾಟ್‌ಮೆಂಟ್ ಸಿಕ್ಕ ಶೇರು

ಹಿಂದಿನ ರಾತ್ರಿಯೇ ಪುಸ್ತಕದಲ್ಲಿ ಎರಡು ಬೆಲೆ ಬರೆದಿಡಿ: ಎಷ್ಟಕ್ಕೆ ಮಾರುತ್ತೇನೆ, ಎಷ್ಟಕ್ಕಿಂತ ಕೆಳಗೆ ಹೋದರೆ ಇಟ್ಟುಕೊಳ್ಳುವುದಿಲ್ಲ. ಲಾಭದಲ್ಲಿ ಶುರುವಾದರೆ ಅರ್ಧ ಮೊದಲ ದಿನವೇ ಮಾರಬೇಕು. ಉಳಿದ ಅರ್ಧ ನಿಮ್ಮಿಷ್ಟ. ಒಂದೇ ಲಾಟ್ ಸಿಕ್ಕಿದ್ದರೂ ಅರ್ಧ ಮಾಡಬಹುದು, ಮೇನ್ ಬೋರ್ಡಿನಲ್ಲಿ ಒಂದೊಂದೇ ಶೇರು ಮಾರಲು ತೊಂದರೆ ಇಲ್ಲ. ಆದರೆ ಐದಾರು ದಿನ ಸ್ವಲ್ಪ ಸ್ವಲ್ಪ ಮಾರಬೇಡಿ. ಮಾರಿದ ಪ್ರತಿ ದಿನಕ್ಕೂ ಡಿಪಿ ಚಾರ್ಜ್ ಬೀಳುತ್ತದೆ. ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ 20% ತೆರಿಗೆ ಇದೆ, ಅದನ್ನು ಕಳೆದು ಲಾಭ ಬರೆಯಿರಿ.

4. ಎಷ್ಟು ಕೊಳ್ಳಬೇಕು

ಉಳಿದ ಎಲ್ಲ ನಿಯಮ ಮರೆತರೂ ಇದನ್ನು ಮರೆಯಬೇಡಿ. ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು.

ಆ ವರ್ಷ ಜುಲೈ. ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಒಂದು ಸಣ್ಣ ಇಶ್ಯೂ, ಟ್ರೇಡ್ ಟು ಟ್ರೇಡ್. ಮೂರು ದಿನ ಸತತ ಅಪ್ಪರ್ ಸರ್ಕ್ಯೂಟ್, ಅಂದರೆ ಬೆಲೆ ಬ್ಯಾಂಡಿನ ಮೇಲಿನ ತುದಿಗೆ ಹೋಗಿ ನಿಂತದ್ದು ನೋಡಿ ₹48,000ಕ್ಕೆ ಕೊಂಡೆ. ಅವತ್ತೇ ಮಧ್ಯಾಹ್ನ ಸರ್ಕ್ಯೂಟ್ ಬಿಟ್ಟುಹೋಯಿತು. ಮಾರುವಂತಿಲ್ಲ. ಮಾರನೇ ದಿನದಿಂದ ಲೋವರ್ ಸರ್ಕ್ಯೂಟ್. ತೋಟದ ಹತ್ತಿರ ಮರ ಬಿದ್ದು ಕರೆಂಟಿಲ್ಲ, ಟವರ್ ಇಲ್ಲ. ಸಿಗ್ನಲ್ ಹುಡುಕಿ ಜೀಪಿನಲ್ಲಿ ಪೊನ್ನಂಪೇಟೆ ಕಡೆ ಹೋಗಿ ಆರ್ಡರ್ ಹಾಕುವಷ್ಟರಲ್ಲಿ ನನ್ನ ಮುಂದೆ ಲಕ್ಷಗಟ್ಟಲೆ ಶೇರು ಮಾರಾಟಕ್ಕೆ ನಿಂತಿದ್ದವು. ಕೊಳ್ಳುವವರ ಕಡೆ ಸೊನ್ನೆ. ನಾಲ್ಕು ಸರ್ಕ್ಯೂಟ್ ಆದ ಮೇಲೆ ಐದನೇ ದಿನ ಮಾರಾಟವಾಯಿತು. ಹೋದದ್ದು ಹತ್ತಿರ ಹತ್ತಿರ ₹9,000. ಸ್ಟಾಪ್ ಲಾಸ್ ಎಷ್ಟಕ್ಕೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಕೊಳ್ಳುವವನೇ ಇಲ್ಲದ ಕಡೆ ಸ್ಟಾಪ್ ಲಾಸ್ ಕೆಲಸ ಮಾಡುವುದಿಲ್ಲ.

ಅವತ್ತಿನಿಂದ ನಾನು ಲೆಕ್ಕವನ್ನು ಮಾರುವ ಕಡೆಯಿಂದ ಶುರು ಮಾಡುತ್ತೇನೆ. ನಮ್ಮ ನಿಯಮವೂ ಅದೇ. ಒಂದು ಹೊಸ ಶೇರಿನಲ್ಲಿ ಕಳೆದುಕೊಳ್ಳಬಹುದಾದ ಹಣ ₹3,000, ಅಂದರೆ ₹3 ಲಕ್ಷದ 1%. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ. ಈಗ ಕೆಟ್ಟದ್ದೇ ಆಗುತ್ತದೆ ಅಂತ ಇಟ್ಟುಕೊಳ್ಳಿ.

5% ಬ್ಯಾಂಡಿನ ಶೇರು: ಸತತ ಮೂರು ಲೋವರ್ ಸರ್ಕ್ಯೂಟ್ ಬಿದ್ದರೆ ನಷ್ಟ 14.3%. ₹3,000 ಅನ್ನು 0.143ರಿಂದ ಭಾಗಿಸಿದರೆ ಸುಮಾರು ₹21,000. ಅಷ್ಟೇ ಕೊಳ್ಳಬೇಕು.

20% ಬ್ಯಾಂಡಿನ ಶೇರು: ಒಂದೇ ದಿನ ಪೂರ್ತಿ ಬಿದ್ದರೆ 20%. ಅಲ್ಲಿಗೆ ₹15,000.

ಜೂನ್‌ನಿಂದ ಆಗಸ್ಟ್‌ವರೆಗೆ ಎರಡನ್ನೂ ಅರ್ಧ ಮಾಡಿ. ನಮ್ಮಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ತಿಂಗಳು ಅದು. ಬೆಂಗಳೂರಿನಲ್ಲಿ ಕೂತವರಿಗೆ ಈ ನಿಯಮ ಬೇಡ, ನಮಗೆ ಬೇಕು.

5. ಡೆಪ್ತ್ ನೋಡುವುದು

ಕೊಳ್ಳುವವರ ಮೇಲಿನ ಬೆಲೆಗೂ ಮಾರುವವರ ಕೆಳಗಿನ ಬೆಲೆಗೂ ಅಂತರ 0.5% ದಾಟಿದ್ದರೆ ಕೈ ಹಾಕಬಾರದು. ₹200ಕ್ಕೆ ಕೇಳುತ್ತಿದ್ದಾರೆ, ₹203ಕ್ಕೆ ಕೊಡುತ್ತಿದ್ದಾರೆ ಅಂದರೆ ಕೊಂಡ ಕ್ಷಣವೇ 1.5% ಕೆಳಗಿದ್ದೀರಿ. ಇನ್ನೊಂದು, ಸ್ಕ್ರೀನಿನಲ್ಲಿ ಕಾಣುವ ಐದು ಸಾಲಿನ ಕೊಳ್ಳುವ ಆರ್ಡರ್ ಕೂಡಿಸಿ. ಅದು ನೀವು ಕೊಳ್ಳುವ ಶೇರಿನ 20 ಪಟ್ಟಾದರೂ ಇರಬೇಕು. ಒಮ್ಮೆ ನೋಡಿದರೆ ಸಾಲದು, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಒಂದೇ ಸಾಲಿನಲ್ಲಿ ದೊಡ್ಡ ಅಂಕಿ ಇದ್ದು ಉಳಿದ ನಾಲ್ಕು ಖಾಲಿ ಇದ್ದರೆ ಆ ದೊಡ್ಡದನ್ನು ಬಿಟ್ಟು ಲೆಕ್ಕ ಹಾಕಿ.

ಯಾವಾಗಲೂ ಲಿಮಿಟ್ ಆರ್ಡರ್. ಮಾರ್ಕೆಟ್ ಆರ್ಡರ್ ಹೊಸ ಶೇರಿನಲ್ಲಿ ನಿಷಿದ್ಧ.

6. ಯಾವಾಗ ಕೊಳ್ಳಬಹುದು

ದೊಡ್ಡ ಇಶ್ಯೂ ಆದರೆ ಮೂರನೇ ದಿನದಿಂದ. ಎರಡು ಕ್ಲೋಸಿಂಗ್ ನೋಡಿರಬೇಕು. ಮೊದಲ ದಿನದ ಸರಾಸರಿ ಬೆಲೆಯನ್ನು ಬರೆದಿಟ್ಟುಕೊಳ್ಳಿ. ಆ ದಿನ ಕೊಂಡವರೆಲ್ಲರ ಅಸಲು ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಬೆಲೆ ಅದರ ಮೇಲೆ ನಿಂತಿದ್ದರೆ ಮಾತ್ರ ಕೊಳ್ಳುವ ಯೋಚನೆ. ಕೆಳಗಿದ್ದರೆ ಪ್ರತಿ ಏರಿಕೆಗೂ ಅಸಲು ಸಿಕ್ಕರೆ ಸಾಕು ಅಂತ ಮಾರುವವರು ಕಾದಿರುತ್ತಾರೆ.

ಟ್ರೇಡ್ ಟು ಟ್ರೇಡ್ ಶೇರು ಆದರೆ 10 ದಿನ ಮುಗಿಯುವವರೆಗೆ ಕಾಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇಬ್ಬರು ಒಪ್ಪಲಿಲ್ಲ. ಹಾಗಾಗಿ ಕೊಳ್ಳಬಹುದು, ಆದರೆ ಅಪ್ಪರ್ ಸರ್ಕ್ಯೂಟಿನಲ್ಲಿ ನಿಂತ ದಿನ ಕೊಳ್ಳಬಾರದು. ಸರದಿಯಲ್ಲಿ ನಿಂತವರಿಗೆ ಆ ಬೆಲೆಗೆ ಶೇರು ಸಿಕ್ಕಿತು ಅಂದರೆ ಎಷ್ಟೋ ಸಲ ಸರ್ಕ್ಯೂಟ್ ಒಡೆಯುತ್ತಿದೆ ಅಂತಲೇ ಅರ್ಥ. ನನಗೆ ಆದದ್ದೂ ಅದೇ.

ಡಿಮರ್ಜರ್ ಆಗಿ, ಅಂದರೆ ಇನ್ನೊಂದು ಕಂಪನಿಯಿಂದ ಬೇರ್ಪಟ್ಟು, ಲಿಸ್ಟ್ ಆಗುವ ಶೇರಿಗೆ ಎರಡು ವಾರ ಮುಟ್ಟುವುದೇ ಬೇಡ. 2023ರ ಆಗಸ್ಟ್ 21ಕ್ಕೆ ಜಿಯೊ ಫೈನಾನ್ಷಿಯಲ್ ಲಿಸ್ಟ್ ಆದಾಗ ದಿನ ದಿನ ಲೋವರ್ ಸರ್ಕ್ಯೂಟ್ ಬಿತ್ತು. ಕಂಪನಿಗೆ ಏನೂ ಆಗಿರಲಿಲ್ಲ. ಸೂಚ್ಯಂಕ ಫಂಡ್‌ಗಳು ಮಾರಲೇಬೇಕಿತ್ತು, ಅಷ್ಟನ್ನು ಕೊಳ್ಳುವವರು ಇರಲಿಲ್ಲ.

7. ಸಿಕ್ಕಿಬಿದ್ದರೆ

ಲೋವರ್ ಸರ್ಕ್ಯೂಟಿನಲ್ಲಿ ಎಲ್ಲರ ಬೆಲೆಯೂ ಒಂದೇ, ಆದ್ದರಿಂದ ಮೊದಲು ಬಂದವರಿಗೆ ಮೊದಲು. ರಾತ್ರಿಯೇ ಎಎಂಒ, ಅಂದರೆ ಮಾರುಕಟ್ಟೆ ಮುಚ್ಚಿದ ಮೇಲೆ ಹಾಕುವ ಆರ್ಡರ್, ಹಾಕಿ, ಮಾರನೇ ದಿನದ ಲೋವರ್ ಸರ್ಕ್ಯೂಟ್ ಬೆಲೆಗೇ ಹಾಕಿ. ಕೊಳ್ಳುವವರು ಮೇಲಿನ ಬೆಲೆಗೆ ಇದ್ದರೆ ಆ ಬೆಲೆಯೇ ನಿಮಗೆ ಸಿಗುತ್ತದೆ. ಸರಾಸರಿ ಇಳಿಸಲು ಇನ್ನಷ್ಟು ಕೊಳ್ಳುವುದು ಖಂಡಿತ ಬೇಡ.

ಮೊದಲು ಮಾರಿ ಆಮೇಲೆ ಕೊಳ್ಳುವ ಶಾರ್ಟ್ ಆಟ ಹೊಸ ಶೇರಿನಲ್ಲಿ ಇಲ್ಲವೇ ಇಲ್ಲ. ಅಪ್ಪರ್ ಸರ್ಕ್ಯೂಟ್ ಹಿಡಿದರೆ ವಾಪಸ್ ಕೊಳ್ಳಲು ಶೇರೇ ಸಿಗುವುದಿಲ್ಲ. ವಿಷಯ ಎಕ್ಸ್‌ಚೇಂಜಿನ ಹರಾಜಿಗೆ ಹೋಗುತ್ತದೆ, ಅಲ್ಲಿ ಎಷ್ಟು ಬೀಳುತ್ತದೆ ಅಂತ ಮುಂಚೆ ಹೇಳಲು ಬರುವುದಿಲ್ಲ.

8. ಬೀಗ ತೆಗೆಯುವ ದಿನ

ಆಂಕರ್‌ನ 30 ದಿನವನ್ನು ಅಲಾಟ್‌ಮೆಂಟ್ ದಿನದಿಂದ ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 90 ದಿನ, ಆರು ತಿಂಗಳಿಗೂ ಹಾಗೆಯೇ. ಆ ದಿನದ ಮುಂಚಿನ ಮೂರು ದಿನ ಹೊಸದಾಗಿ ಕೊಳ್ಳುವುದಿಲ್ಲ. ಜೊಮ್ಯಾಟೊ ಶೇರಿಗೆ ಆಗಿನ ನಿಯಮದ ಒಂದು ವರ್ಷದ ಬೀಗ ಮುಗಿದ ಮೇಲಿನ ಮೊದಲ ವಹಿವಾಟು ದಿನ 2022ರ ಜುಲೈ 25. ಅವತ್ತು ಬೆಲೆ ಸುಮಾರು 11% ಬಿತ್ತು. ದಿನಾಂಕ ಎಲ್ಲರಿಗೂ ಮುಂಚೆಯೇ ಗೊತ್ತಿತ್ತು, ಆದರೂ ಬಿತ್ತು.

9. ಎಸ್‌ಎಂಇ

ಇಲ್ಲ. ಸಣ್ಣ, ಮಧ್ಯಮ ಕಂಪನಿಗಳ ಆ ವಿಭಾಗದಲ್ಲಿ ಲಾಟ್ ಲೆಕ್ಕದಲ್ಲೇ ಕೊಳ್ಳಬೇಕು, ಮಾರಬೇಕು. ಒಂದು ಲಾಟಿಗೇ ನಮ್ಮ ₹21,000 ದಾಟಿಹೋಗುತ್ತದೆ. ಎನ್‌ಎಸ್‌ಇ 2024ರ ಜುಲೈಯಲ್ಲಿ ಎಸ್‌ಎಂಇ ಶೇರಿನ ಓಪನಿಂಗ್ ಬೆಲೆ ಇಶ್ಯೂ ಬೆಲೆಗಿಂತ 90% ಮೇಲೆ ಹೋಗದಂತೆ ಮಿತಿ ಹಾಕಿತು. ಅಂಥ ಮಿತಿ ಬೇಕಾಯಿತು ಅನ್ನುವುದೇ ನಮಗೆ ಸಾಕಷ್ಟು ಎಚ್ಚರಿಕೆ.

10. ಪುಸ್ತಕ

ಕೊಂಡ ದಿನ, ಬೆಲೆ, ಬ್ಯಾಂಡ್, ಡೆಪ್ತ್ ಎಷ್ಟಿತ್ತು, ಯಾಕೆ ಕೊಂಡೆ, ಎಲ್ಲವನ್ನೂ ಅವತ್ತು ಸಂಜೆಯೇ ಬರೆಯಬೇಕು. ನಿಯಮ ಮುರಿದು ಲಾಭ ಬಂದಿದ್ದರೂ ಮುರಿದದ್ದು ಅಂತಲೇ ಬರೆಯಿರಿ. ಒಂದು ತಿಂಗಳಲ್ಲಿ ಎರಡು ಸಲ ಮುರಿದವರು ಮುಂದಿನ ತಿಂಗಳು ಹೊಸ ಶೇರು ಮುಟ್ಟುವುದಿಲ್ಲ.

ಯಾವುದಾದರೂ ನಿಯಮ ಬದಲಿಸಬೇಕು ಅನ್ನಿಸಿದರೆ ಭಾನುವಾರ ಎಲ್ಲರೂ ಸೇರಿದಾಗ ಹೇಳಿ. ಆ ನಿಯಮಕ್ಕೆ ಸಂಬಂಧಪಟ್ಟ ಶೇರು ನಿಮ್ಮ ಕೈಯಲ್ಲಿದ್ದರೆ ಅದನ್ನು ಮಾರಿದ ಮೇಲೆ ಹೇಳಿ.