ಮುಂಬಾಗಿಲಿಗೆ ಎರಡನೇ ಬೀಗ ಹಾಕಿಸಲು ಒಪ್ಪಿಗೆ ಕೋರಿ

ಬೆಂಗಳೂರು, ವಿಜಯನಗರ
14 ಜೂನ್ 2025

ಶ್ರೀನಿವಾಸಮೂರ್ತಿ ಸರ್ ಅವರಿಗೆ ನಮಸ್ಕಾರ.

ನೆಲಮಹಡಿ ಮನೆಯ ಮುಂಬಾಗಿಲಿಗೆ ನಮ್ಮ ಖರ್ಚಿನಲ್ಲಿ ಇನ್ನೊಂದು ಬೀಗ ಹಾಕಿಸಬೇಕೆಂದಿದ್ದೇವೆ. ನಿಮ್ಮನ್ನು ಕೇಳದೆ ಬಾಗಿಲು, ಗೋಡೆಗೆ ಕೈ ಹಾಕುವಂತಿಲ್ಲವೆಂದು ಕರಾರಿನಲ್ಲಿದೆ, ಅದಕ್ಕೇ ಬರೆದು ಕೇಳುತ್ತಿದ್ದೇವೆ. ಹೊಸ ಬೀಗದ ಒಂದು ಕೀ ಮೊದಲ ದಿನದಿಂದಲೇ ನಿಮ್ಮ ಕಡೆ ಇರುತ್ತದೆ.

ಈಗಿರುವ ಹ್ಯಾಂಡಲ್ ಬೀಗ ಕೆಟ್ಟಿಲ್ಲ. ಆದರೆ ಮೇಲಿನ ಹಿಂಜಸ್ ಸಡಿಲಾಗಿ ಬಾಗಿಲು ಸುಮಾರು 3 ಮಿ.ಮೀ. ಕೆಳಗೆ ಜಗ್ಗಿದೆ. ಹಾಗಾಗಿ ಬೀಗದ ನಾಲಿಗೆ ದಾರಂದದ ತೂತಿಗೆ ನೇರ ಹೋಗದೆ ಹಿತ್ತಾಳೆ ಪಟ್ಟಿಯ ಕೆಳ ಅಂಚಿಗೆ ತಾಗುತ್ತಿದೆ, ಅಲ್ಲಿ ಉಜ್ಜಿದ ಗೆರೆ ಹೊಳೆಯುತ್ತಿದೆ. ಎರಡು ಸುತ್ತು ತಿರುಗಬೇಕಾದ ಕೀ ಒಂದೇ ಸುತ್ತಿಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿದರೆ ಇದು ಇನ್ನೂ ಬಿಗಿಯಾಗುತ್ತದೆ. ಬಡಗಿ ಬಂದಾಗ ಮೊದಲು ಹಿಂಜಸ್‌ನ ಹಳೆಯ ಸ್ಕ್ರೂ ತೆಗೆಸಿ, 50 ಮಿ.ಮೀ. ಸ್ಕ್ರೂ ಹಾಕಿಸಿ ಬಾಗಿಲು ಎತ್ತಿಸುತ್ತೇವೆ. ಬಾಗಿಲು ಜಗ್ಗಿರುವಾಗಲೇ ಹೊಸ ಬೀಗ ಕೂರಿಸಿದರೆ ಆಮೇಲೆ ಅದೂ ಹೊಂದುವುದಿಲ್ಲ.

ಹಾಕಿಸಬೇಕೆಂದಿರುವುದು ಬಾಗಿಲ ಒಳಮೈ ಮೇಲೆ ಕೂರುವ ಡೆಡ್‌ಬೋಲ್ಟ್. ಹೊರಗಿನಿಂದ ಕೀ, ಒಳಗಿನಿಂದ ಕೈಯಲ್ಲೇ ತಿರುಗಿಸುವ ಗುಬ್ಬಿ. ಬಾಗಿಲು ಎಳೆದ ಕೂಡಲೇ ತಾನೇ ಬೀಗ ಬೀಳುವ ನೈಟ್ ಲ್ಯಾಚ್ ಬೇಡ ಅನಿಸಿತು. ಗಾಳಿಗೆ ಬಾಗಿಲು ಮುಚ್ಚಿಕೊಂಡರೆ ವಯಸ್ಸಾದ ಅತ್ತೆಯವರು ಹೊರಗೇ ನಿಲ್ಲಬೇಕಾಗುತ್ತದೆ. ಒಳಗೂ ಕೀ ಬೇಕಾಗುವ ಬೀಗವೂ ಬೇಡ, ಬೆಂಕಿ ಅಥವಾ ಗ್ಯಾಸ್ ಸೋರಿಕೆಯಾದಾಗ ಕೀ ಹುಡುಕುತ್ತಾ ಕೂರುವಂತಿಲ್ಲ.

ಹೆಗ್ಗಳಿಕೆಯ ತೇಗದ ಬಾಗಿಲು ನಿಮ್ಮದು, ಅದಕ್ಕೆ ಎಷ್ಟು ಪೆಟ್ಟು ಬೀಳುತ್ತದೆಂದು ಮುಂಚೆಯೇ ಹೇಳಿಬಿಡುತ್ತೇವೆ. ಆರಪಾರ ತೂತು ಒಂದೇ, 32 ಮಿ.ಮೀ. ವ್ಯಾಸದ್ದು. ಅದರ ನಡುಬಿಂದು ಅಂಚಿನಿಂದ 60 ಮಿ.ಮೀ. ಒಳಗೆ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಅಂದರೆ ಹಳೆಯ ಬೀಗಕ್ಕಿಂತ ಒಂದಡಿಗೂ ಹೆಚ್ಚು ಮೇಲೆ. ಕೆತ್ತನೆ ಇರುವ ಹಲಗೆಗೆ ಏನೂ ತಾಗುವುದಿಲ್ಲ, ಕೆಲಸವೆಲ್ಲ ಪಕ್ಕದ ಪಟ್ಟಿಯಲ್ಲೇ. ಹಳೆಯ ಬೀಗಕ್ಕೆ ಆ ಪಟ್ಟಿಯನ್ನು ಒಳಗೆ ಕೊರೆದಿರುವುದರಿಂದ ಇನ್ನೊಂದು ಗೂಡು ಕೊರೆದರೆ ಮರ ಸೋಲುತ್ತದೆ. ಮೈಮೇಲೆ ಕೂರುವ ಬೀಗ ಆರಿಸಿದ್ದು ಅದಕ್ಕೇ.

ಬಡಗಿಗೆ ಮೂರು ಮಾತು ಹೇಳಿದ್ದೇವೆ. ತೂತನ್ನು ಒಂದೇ ಕಡೆಯಿಂದ ಕೊರೆದರೆ ಆಚೆ ಬದಿ ಚಕ್ಕೆ ಏಳುತ್ತದೆ, ಆದ್ದರಿಂದ ಅರ್ಧ ಹೊರಗಿನಿಂದ, ಅರ್ಧ ಒಳಗಿನಿಂದ ಕೊರೆಯಬೇಕು. ಬಾಗಿಲ ಒಳಮೈ ದಾರಂದಕ್ಕಿಂತ 4 ಮಿ.ಮೀ. ತಗ್ಗಿನಲ್ಲಿರುವುದರಿಂದ ಬೀಗದಡಿ ಅಷ್ಟೇ ದಪ್ಪದ ಮರದ ಚಕ್ಕೆ ಕೊಡಬೇಕು. ಕೀ ಹಾಕುವ ಸಿಲಿಂಡರಿನ ಹಿಂದಿನ ಚಪ್ಪಟೆ ಕಡ್ಡಿಯನ್ನು ಬಾಗಿಲ 35 ಮಿ.ಮೀ. ಮತ್ತು ಆ ಚಕ್ಕೆಯ ದಪ್ಪ ಎರಡನ್ನೂ ಸೇರಿಸಿ ಅಳೆದೇ ತುಂಡರಿಸಬೇಕು. ಗಿಡ್ಡವಾದರೆ ಕೀ ಸುಮ್ಮನೆ ತಿರುಗುತ್ತದೆ, ಉದ್ದವಾದರೆ ಗುಬ್ಬಿ ಸಿಕ್ಕಿಹಾಕಿಕೊಳ್ಳುತ್ತದೆ. ದಾರಂದದ ಕಡೆಯ ಪಟ್ಟಿಗೆ ಡಬ್ಬಿಯಲ್ಲಿ ಬರುವ ಪುಟ್ಟ ಸ್ಕ್ರೂ ಸಾಲದು, ಬಾಗಿಲು ಒದ್ದರೆ ಮೊದಲು ಕಿತ್ತು ಬರುವುದೇ ಅದು. ಅಲ್ಲಿಗೆ 40 ಮಿ.ಮೀ. ಸ್ಕ್ರೂ ಹಾಕಿಸುತ್ತೇವೆ.

ಒಪ್ಪಿದರೆ 22ನೇ ತಾರೀಕು ಭಾನುವಾರ ಬೆಳಿಗ್ಗೆ 10ಕ್ಕೆ ಕೆಲಸ. ಎರಡು ಗಂಟೆ ಸಾಕು. ಬೀಗ, ಕೂಲಿ, ಪಾಲಿಷ್ ಎಲ್ಲ ನಮ್ಮದೇ, ಬಾಡಿಗೆಯಲ್ಲಿ ಕಳೆಯುವುದಿಲ್ಲ.

ಮೂರು ಕೀ ಇರುವ ಬೀಗವನ್ನೇ ತರುತ್ತೇವೆ. ಎರಡು ನಮಗೆ, ಒಂದು ನಿಮಗೆ. ಕಂಪನಿಯಿಂದ ಬಂದ ಕೀಯನ್ನೇ ಕೊಡುತ್ತೇವೆ. ಅಂಗಡಿಯಲ್ಲಿ ಕಡಿಸಿದ ನಕಲು ಸ್ವಲ್ಪ ಹೆಚ್ಚುಕಮ್ಮಿಯಾದರೂ ಬೇಕಾದ ಹೊತ್ತಿನಲ್ಲೇ ಕೈಕೊಡುತ್ತದೆ. ನೀವು ಮೈಸೂರಿನಲ್ಲಿರುವುದರಿಂದ, ನಿಮ್ಮ ಒಪ್ಪಿಗೆ ಇದ್ದರೆ, ಮೇಲಿನ ಮನೆಯ ನಿಮ್ಮ ತಂಗಿಯವರ ಕೈಗೆ ಅಂದೇ ಕೊಡುತ್ತೇವೆ. ಅವರೇ ಹೊರಗಿನಿಂದ ಒಮ್ಮೆ ತೆರೆದು ನೋಡಲಿ. ಆಮೇಲೆ ಕವರಿನಲ್ಲಿಟ್ಟು ಅಂಟಿಸಿ, ಅಂಟಿನ ಮೇಲೆ ಇಬ್ಬರೂ ಸಹಿ ಹಾಕಿ, ಫೋಟೋ ನಿಮಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ಕವರಿನ ಮೇಲೆ ವಿಳಾಸ ಬರೆಯುವುದು ಬೇಡ.

ಗ್ಯಾಸ್ ವಾಸನೆ, ನೀರು ಸೋರಿಕೆ, ಶಾರ್ಟ್ ಸರ್ಕ್ಯೂಟ್ ಅಂಥದ್ದಾದರೆ ನಮಗೆ ಕಾಯದೆ ತೆರೆಯಿರಿ, ತೆರೆದ ಮೇಲೆ ಫೋನ್ ಮಾಡಿದರೆ ಸಾಕು. ಉಳಿದ ಕೆಲಸಕ್ಕೆ ಒಂದು ದಿನ ಮುಂಚೆ ತಿಳಿಸಿ, ಮನೆಯಲ್ಲಿರುತ್ತೇವೆ. ನಮ್ಮ ಕೀ ಕಳೆದುಹೋದರೆ ಸಿಲಿಂಡರನ್ನೇ ಬದಲಿಸಿ, ಹೊಸ ಕೀ ಎರಡು ದಿನದೊಳಗೆ ನಿಮ್ಮ ಕಡೆಗೆ ತಲುಪಿಸುತ್ತೇವೆ. ಕೀ ಬಿಗಿ ಬಂದರೆ ದಯವಿಟ್ಟು ಕೊಬ್ಬರಿ ಎಣ್ಣೆ ಬಿಡಬೇಡಿ ಎಂದು ತಂಗಿಯವರಿಗೂ ಹೇಳಿ. ಎಣ್ಣೆಗೆ ಧೂಳು ಮೆತ್ತಿಕೊಳ್ಳುತ್ತದೆ. ಕೀಯ ಹಲ್ಲಿಗೆ ಪೆನ್ಸಿಲ್ ಸೀಸ ಉಜ್ಜಿದರೆ ಸಲೀಸಾಗುತ್ತದೆ.

ಮನೆ ಬಿಡುವಾಗ ಬೀಗವನ್ನು ಮೂರೂ ಕೀ ಸಮೇತ ಹಾಗೇ ಬಿಟ್ಟುಹೋಗುತ್ತೇವೆ, ಹಣ ಕೇಳುವುದಿಲ್ಲ. ನಿಮಗೆ ಅದು ಬೇಡವಾದರೆ ತೇಗದ ಬಿಲ್ಲೆ ಕೂರಿಸಿ ತೂತು ಮುಚ್ಚಿ, ಪಾಲಿಷ್ ಮಾಡಿಸಿ ಕೊಡುತ್ತೇವೆ. ಆ ಕೆಲಸ ನಿಮಗೆ ಒಪ್ಪಿಗೆಯಾಗದಿದ್ದರೆ ಅದರ ಖರ್ಚನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಬಹುದು.

ಗುರುತು ಮಾಡಿದ ಜಾಗದ ಫೋಟೋ ಇದರ ಜೊತೆಗಿದೆ, ಪೆನ್ಸಿಲ್ ಗೆರೆ ಮಾತ್ರ ಹಾಕಿದ್ದೇವೆ. ಎತ್ತರ ಬದಲಿಸಬೇಕೆನಿಸಿದರೆ ಹೇಳಿ. ನೀವು ಒಪ್ಪಿಗೆಯನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸುವವರೆಗೆ ಡ್ರಿಲ್ ಮುಟ್ಟಿಸುವುದಿಲ್ಲ. 19ನೇ ತಾರೀಕಿನೊಳಗೆ ತಿಳಿಸಿದರೆ ಬಡಗಿಯನ್ನು ಗೊತ್ತುಮಾಡಲು ಅನುಕೂಲ.

ಇಂತಿ,
ಸವಿತಾ ಮತ್ತು ಪ್ರಕಾಶ್
ನೆಲಮಹಡಿ ಬಾಡಿಗೆದಾರರು